ಕೊನೆಯ ಶಿಲ್ಕು ತಾಳೆಯಾದರೆ ಸಾಲದು: ಎಸ್ಕ್ರೋ ಸ್ಟೇಟ್‌ಮೆಂಟನ್ನು ಹಂತ ಹಂತವಾಗಿ ಓದುವ ಬಗೆ

ಮನೆ ಅಥವಾ ಜಮೀನಿನ ಮಾರಾಟಕ್ಕೆ ಎಸ್ಕ್ರೋ ಖಾತೆ ತೆರೆದಾಗ ಕೊಳ್ಳುವವರ ಹಣ ಮೂರನೆಯವರೊಬ್ಬರ ಸುಪರ್ದಿಯಲ್ಲಿ ನಿಲ್ಲುತ್ತದೆ. ಕರಾರಿನಲ್ಲಿ ಬರೆದ ಒಂದೊಂದು ಹಂತ ಮುಗಿದ ಹಾಗೆ ಆ ಹಂತದ ಪಾಲು ಹೊರಗೆ ಹೋಗುತ್ತದೆ. ವ್ಯವಹಾರ ಮುಗಿಯುತ್ತ ಬಂದಾಗ, ಹಣವನ್ನು ಸುಪರ್ದಿಯಲ್ಲಿ ಇಟ್ಟುಕೊಂಡ ಆ ಎಸ್ಕ್ರೋ ಏಜೆಂಟರಿಂದ ಸ್ಟೇಟ್‌ಮೆಂಟ್ ಬರುತ್ತದೆ. ಹೆಚ್ಚಿನವರು ಅದರಲ್ಲಿ ನೋಡುವುದು ಎರಡನ್ನೇ: ಒಟ್ಟು ಎಷ್ಟು ಹೋಯಿತು, ಕೊನೆಗೆ ಎಷ್ಟು ಉಳಿಯಿತು. ಈ ಎರಡೂ ಸರಿಯಾಗಿದ್ದರೂ ಖಾತೆ ಕರಾರನ್ನು ಮೀರಿ ನಡೆದಿರಬಹುದು. ಹಣ ಯಾವಾಗ ಹೋಯಿತು ಎಂಬುದಷ್ಟೇ ಸ್ಟೇಟ್‌ಮೆಂಟಿನಲ್ಲಿರುತ್ತದೆ. ಅದು ಹೋಗುವ ಹಕ್ಕು ಯಾವಾಗ ಹುಟ್ಟಿತು ಎಂಬುದು ಬೇರೆ ಕಾಗದಗಳಲ್ಲಿರುತ್ತದೆ. ಈ ಎರಡನ್ನೂ ದಿನಾಂಕದ ಮೇಲೆ ಎದುರುಬದುರು ಇಟ್ಟು ನೋಡಬೇಕು.

ಆದ್ದರಿಂದ ಸ್ಟೇಟ್‌ಮೆಂಟ್ ತೆರೆಯುವ ಮೊದಲು ಕರಾರನ್ನು ತೆರೆಯುವುದು ಒಳ್ಳೆಯದು. ಸಹಿಯಾದ ಮೂಲ ಕರಾರು ಮತ್ತು ಆಮೇಲೆ ಆದ ಎಲ್ಲ ತಿದ್ದುಪಡಿಗಳನ್ನು ಒಟ್ಟಿಗೆ ಇಟ್ಟುಕೊಂಡು ನಿಮ್ಮದೇ ಒಂದು ಬಿಡುಗಡೆ ಪಟ್ಟಿ ಬರೆಯಿರಿ. ಪ್ರತಿ ಹಂತಕ್ಕೂ ನಾಲ್ಕು ವಿಷಯ ಬೇಕು: ಎಷ್ಟು ಹಣ, ಯಾರಿಗೆ, ಯಾವ ದಾಖಲೆ ಕೈಗೆ ಬಂದ ಮೇಲೆ, ಯಾರ ಸಹಿ ಇರುವ ಆದೇಶದ ಮೇಲೆ. ಏಜೆಂಟರು ಕಳುಹಿಸಿದ ಪಟ್ಟಿಯನ್ನೇ ಆಧಾರವಾಗಿ ಹಿಡಿಯಬೇಡಿ. ತಪ್ಪು ಆ ಪಟ್ಟಿಯಲ್ಲೇ ಇದ್ದರೆ ಸ್ಟೇಟ್‌ಮೆಂಟ್ ಅದಕ್ಕೆ ಚೆನ್ನಾಗಿಯೇ ತಾಳೆಯಾಗುತ್ತದೆ, ಮತ್ತು ನಿಮಗೆ ಏನೂ ಕಾಣುವುದಿಲ್ಲ. ಕೆಳಗಿನ ಉದಾಹರಣೆಯಲ್ಲಿ ಆಗಿರುವುದೂ ಇದೇ.

ಇನ್ನೊಂದು ವಿಷಯವನ್ನು ಮೊದಲೇ ಖಚಿತ ಮಾಡಿಕೊಳ್ಳಬೇಕು: ಕೈಯಲ್ಲಿರುವ ಕಾಗದ ಯಾವುದು? ಈ ಮಾರಾಟಕ್ಕೆಂದೇ ಪ್ರತ್ಯೇಕ ಖಾತೆ ಇದ್ದರೆ ಬ್ಯಾಂಕ್ ಕೊಟ್ಟ ಸ್ಟೇಟ್‌ಮೆಂಟನ್ನೇ ಕೇಳಬಹುದು. ಅದು ಖಾತೆ ತೆರೆದ ದಿನದಿಂದ, ಸೊನ್ನೆ ಶಿಲ್ಕಿನಿಂದ ಶುರುವಾಗಬೇಕು, ನಡುವೆ ಯಾವ ಪುಟವೂ ಬಿಟ್ಟಿರಬಾರದು. ಆದರೆ ಅನೇಕ ಏಜೆಂಟರು ಹಲವು ಕಕ್ಷಿದಾರರ ಹಣವನ್ನು ಒಂದೇ ಸಾಮೂಹಿಕ ಖಾತೆಯಲ್ಲಿ ಇಟ್ಟು, ಪ್ರತಿ ವ್ಯವಹಾರಕ್ಕೂ ಬೇರೆ ಲೆಡ್ಜರ್ ಬರೆಯುತ್ತಾರೆ. ಆಗ ನಿಮಗೆ ಸಿಗುವುದು ಏಜೆಂಟರ ಪುಸ್ತಕದ ನಕಲು. ಪುಸ್ತಕದಲ್ಲಿ ನಿಮ್ಮ ಹೆಸರಿನಲ್ಲಿ 100 ಇದೆ ಎಂದ ಮಾತ್ರಕ್ಕೆ ಬ್ಯಾಂಕಿನಲ್ಲಿ ಆ 100 ಇದೆ ಎಂದಾಗುವುದಿಲ್ಲ. ಬ್ಯಾಂಕಿನ ಶಿಲ್ಕು, ಏಜೆಂಟರ ಪುಸ್ತಕದ ಶಿಲ್ಕು, ಎಲ್ಲ ಕಕ್ಷಿದಾರರ ಲೆಡ್ಜರ್‌ಗಳ ಮೊತ್ತ, ಈ ಮೂರೂ ಒಂದೇ ದಿನದಂದು ಒಂದೇ ಸಂಖ್ಯೆಯಾಗಿರಬೇಕು. ಬ್ಯಾಂಕಿಗೆ ಇನ್ನೂ ಮುಟ್ಟದ ಚೆಕ್ಕಿನಂಥವನ್ನು ಸರಿಹೊಂದಿಸಿದ ಮೇಲಿನ ಮಾತು ಇದು. ಬೇರೆಯವರ ಲೆಡ್ಜರನ್ನು ನಿಮಗೆ ತೋರಿಸಲಾರರು. ಆದರೆ ಈ ಮೂರರ ತಾಳೆ ಆಗಿದೆ ಎಂಬ ದಿನಾಂಕಸಹಿತ ಲಿಖಿತ ದೃಢೀಕರಣವನ್ನು ಕೇಳುವುದರಲ್ಲಿ ಯಾವ ಅತಿರೇಕವೂ ಇಲ್ಲ. ಜೊತೆಗೆ ಪ್ರತಿ ದೊಡ್ಡ ಪಾವತಿಗೆ ಬ್ಯಾಂಕಿನ ವರ್ಗಾವಣೆ ರಸೀದಿಯನ್ನೂ ತೆಗೆದುಕೊಳ್ಳಿ.

ಈಗ ಒಂದು ಉದಾಹರಣೆ. ಲೆಕ್ಕ ಹಗುರವಾಗಿರಲೆಂದು ಮನೆಯ ಬೆಲೆಯನ್ನು 1,000 ಘಟಕ ಎಂದು ಇಟ್ಟುಕೊಳ್ಳೋಣ, ದಿನಗಳನ್ನು ಕರಾರಿಗೆ ಸಹಿಯಾದ ದಿನದಿಂದ ಎಣಿಸೋಣ. ಕೊಳ್ಳುವವರು 1ನೇ ದಿನ 100, 40ನೇ ದಿನದೊಳಗೆ 900 ಕಟ್ಟಬೇಕು. ಹಕ್ಕುಪತ್ರದ ಪರಿಶೀಲನಾ ವರದಿ ಆಕ್ಷೇಪವಿಲ್ಲದೆ ಬಂದರೆ ಮಾರುವವರಿಗೆ 60. ಮನೆಯ ಮೇಲೆ ಮಾರುವವರ ಸಾಲವೊಂದಿದೆ. ಅದರ ಬಾಕಿ ನೇರವಾಗಿ ಸಾಲ ಕೊಟ್ಟ ಬ್ಯಾಂಕಿಗೆ ಹೋಗಬೇಕು. ಕ್ರಯಪತ್ರ ನೋಂದಣಿಯಾದ ಮೇಲೆ, 840ರಲ್ಲಿ ಸಾಲದ ಬಾಕಿ ಕಳೆದು ಉಳಿದದ್ದು ಮಾರುವವರಿಗೆ. ಖಾಲಿ ಮನೆಯ ಸ್ವಾಧೀನ ಕೊಟ್ಟಾಗ 70. ಚಾವಣಿ ಸೋರುತ್ತಿದ್ದುದರಿಂದ 30ನ್ನು ತಡೆಹಿಡಿಯಬೇಕು. ದುರಸ್ತಿಯಾಗಿದೆ ಎಂಬ ಎಂಜಿನಿಯರ್ ಪ್ರಮಾಣಪತ್ರ ಬಂದರೆ ಅದು ಮಾರುವವರಿಗೆ, ಸ್ವಾಧೀನದಿಂದ 60 ದಿನದೊಳಗೆ ಬರದಿದ್ದರೆ ಕೊಳ್ಳುವವರಿಗೆ ವಾಪಸ್. ಖಾತೆಯ ಬಡ್ಡಿ ಕೊಳ್ಳುವವರದು. ಏಜೆಂಟರ ಶುಲ್ಕವನ್ನು ಎರಡೂ ಕಡೆಯವರು ಹೊರಗಿನಿಂದ ಸಮನಾಗಿ ಕೊಡಬೇಕು.

60ನೇ ದಿನ ಬಂದ ಸ್ಟೇಟ್‌ಮೆಂಟ್ ಹೀಗಿದೆ.

| ದಿನ | ವಿವರ | ಜಮಾ | ಖರ್ಚು | ಶಿಲ್ಕು |
|---|---|---|---|---|
| 1 | ಕೊಳ್ಳುವವರಿಂದ | 100 | | 100 |
| 12 | ಮಾರುವವರಿಗೆ, ಹಕ್ಕುಪತ್ರ ವರದಿ | | 60 | 40 |
| 38 | ಕೊಳ್ಳುವವರಿಂದ | 900 | | 940 |
| 44 | ಸಾಲದ ಬ್ಯಾಂಕಿಗೆ | | 340 | 600 |
| 47 | ಮಾರುವವರಿಗೆ, ಕ್ರಯಪತ್ರ | | 500 | 100 |
| 55 | ಮಾರುವವರಿಗೆ, ಸ್ವಾಧೀನ | | 85 | 15 |
| 58 | ಶುಲ್ಕ | | 2 | 13 |
| 60 | ಬಡ್ಡಿ | 3 | | 16 |

ಮೇಲುನೋಟಕ್ಕೆ ಯಾವ ಸಾಲೂ ಕಣ್ಣು ಕುಕ್ಕುವುದಿಲ್ಲ. ಕೂಡಿ ಕಳೆದರೆ ಶಿಲ್ಕು ಸರಿಯಾಗಿಯೇ ಇದೆ, ಪ್ರತಿ ಪಾವತಿಯ ಪಕ್ಕದಲ್ಲೂ ಹಂತದ ಹೆಸರಿದೆ. ಇಲ್ಲಿ ಬೇಕಾಗಿರುವುದು ಸ್ಟೇಟ್‌ಮೆಂಟಿನಲ್ಲಿ ಇಲ್ಲದ ಆರನೆಯ ಕಲಂ: ಆ ದಿನ ಖಾತೆಯಲ್ಲಿ ಇರಬೇಕಾಗಿದ್ದ ಶಿಲ್ಕು. ಅದನ್ನು ನೀವೇ ಬರೆಯಬೇಕು. ಅಲ್ಲಿಯವರೆಗೆ ಬಂದ ಜಮಾದಿಂದ, ಅಲ್ಲಿಯವರೆಗೆ ದಾಖಲೆಸಹಿತ ಪೂರ್ಣಗೊಂಡ ಹಂತಗಳ ಮೊತ್ತವನ್ನು ಕಳೆದರೆ ಅದು ಸಿಗುತ್ತದೆ. ದಿನಾಂಕವನ್ನು ಸ್ಟೇಟ್‌ಮೆಂಟಿನಿಂದ ಎತ್ತಿಕೊಳ್ಳಬೇಡಿ, ಹಂತ ಮುಗಿದದ್ದಕ್ಕೆ ಇರುವ ದಾಖಲೆಯ ಮೇಲಿನ ದಿನಾಂಕವನ್ನು ಹಿಡಿಯಿರಿ.

12ನೇ ದಿನದ 60ರಲ್ಲಿ ತೊಂದರೆಯಿಲ್ಲ. ಹಕ್ಕುಪತ್ರದ ವರದಿಯ ದಿನಾಂಕ 11, ಆಕ್ಷೇಪ ಇಲ್ಲ. 38ನೇ ದಿನದ 900ರ ಬಗ್ಗೆ ಒಂದೇ ಮಾತು: ಲೆಡ್ಜರಿನಲ್ಲಿ ಜಮಾ ಬರೆದ ದಿನ ಮತ್ತು ಹಣ ನಿಜವಾಗಿ ಕೈಸೇರಿದ ದಿನ ಒಂದೇ ಆಗಿರಬೇಕಿಲ್ಲ. ಚೆಕ್ಕಿನ ಮೂಲಕ ಬಂದಿದ್ದರೆ ಅದು ಪಾಸಾದ ದಿನವನ್ನು ಕೇಳಿ. ಪಾಸಾಗುವ ಮೊದಲೇ ಪಾವತಿ ಹೋಗಿದ್ದರೆ, ಸಾಮೂಹಿಕ ಖಾತೆಯಲ್ಲಿ ಅದು ಇನ್ನೊಬ್ಬರ ಹಣದಿಂದ ಹೋಗಿರುತ್ತದೆ.

44ನೇ ದಿನದ 340 ನೋಡಲು ತೀರ ಸರಿಯಾದ ಸಾಲು. ಸಾಲದ ಬ್ಯಾಂಕಿನ ಬಾಕಿ ಪತ್ರದಲ್ಲೂ 340 ಎಂದೇ ಇದೆ. ಆದರೆ ಅಂಥ ಪತ್ರದಲ್ಲಿ ಮೊತ್ತದ ಜೊತೆ ಇನ್ನೂ ಎರಡು ಸಂಗತಿಗಳಿರುತ್ತವೆ: ಯಾವ ದಿನದವರೆಗೆ ಆ ಮೊತ್ತ ಸಲ್ಲುತ್ತದೆ, ಆಮೇಲೆ ದಿನಕ್ಕೆ ಎಷ್ಟು ಬಡ್ಡಿ ಸೇರುತ್ತದೆ. ಈ ಪತ್ರದ ಪ್ರಕಾರ 340 ಸಲ್ಲುವುದು 45ನೇ ದಿನದವರೆಗೆ, ಆಮೇಲೆ ದಿನಕ್ಕೆ 0.1. ಎಸ್ಕ್ರೋ ಖಾತೆಯಿಂದ ಹಣ 44ಕ್ಕೆ ಹೊರಟಿತು, ಸಾಲದ ಖಾತೆಗೆ ಜಮಾ ಆದದ್ದು 46ಕ್ಕೆ. ಅಂದು ಬೇಕಾಗಿದ್ದುದು 340.1. ಕೊರತೆ ಅತಿ ಸಣ್ಣದು, ಪರಿಣಾಮ ಸಣ್ಣದಲ್ಲ. ಬಾಕಿ ಪೂರ್ತಿ ತೀರದೆ ಬ್ಯಾಂಕು ಋಣಮುಕ್ತ ಪತ್ರ ಕೊಡುವುದಿಲ್ಲ, ಅಡಮಾನ ಮನೆಯ ಮೇಲೆ ಹಾಗೆಯೇ ನಿಂತಿರುತ್ತದೆ, ಉಳಿದ ಚೂರಿನ ಮೇಲೆ ಬಡ್ಡಿ ಬೆಳೆಯುತ್ತಲೂ ಇರಬಹುದು. ಹೀಗಾಗಿ ಈ ಹಂತಕ್ಕೆ ಪಾವತಿ ರಸೀದಿಯೊಂದೇ ಸಾಕ್ಷಿಯಾಗದು. ಋಣಮುಕ್ತ ಪತ್ರ ಕೈಯಲ್ಲಿದೆಯೇ ಎಂದು ನೋಡಿ. ಇಲ್ಲದಿದ್ದರೆ ಈ ಸಾಲಿನ ಮುಂದೆ ‘ಮುಗಿದಿಲ್ಲ’ ಎಂದು ಬರೆಯಿರಿ. ಮಾರುವವರ ಪಾಲು 840ರಲ್ಲಿ ಬಾಕಿ ಕಳೆದದ್ದಾದ್ದರಿಂದ ಅವರಿಗೆ ಸಲ್ಲಬೇಕಾದದ್ದು 499.9. ಅಂದರೆ ಈ 0.1 ಅವರಿಂದಲೇ ಬರಬೇಕು, ತಡೆಹಿಡಿದ ಹಣದಿಂದ ಎತ್ತುವಂತಿಲ್ಲ.

47ನೇ ದಿನದ 500 ಎಲ್ಲಕ್ಕಿಂತ ದೊಡ್ಡ ಲೋಪ, ಮತ್ತು ಕೊನೆಯ ಶಿಲ್ಕನ್ನಷ್ಟೇ ನೋಡುವವರಿಗೆ ಎಂದೂ ಕಾಣದ ಲೋಪ. ಕ್ರಯಪತ್ರಕ್ಕೆ ಸಹಿ ಬಿದ್ದದ್ದು 47ನೇ ದಿನ. ನೋಂದಣಿಯ ಮುದ್ರೆಯ ಮೇಲಿರುವ ದಿನ 51. ಕರಾರಿನ ಷರತ್ತು ನೋಂದಣಿ. ಆರನೆಯ ಕಲಂನಲ್ಲಿ 47ರಿಂದ 51ರವರೆಗೆ 600 ಇರಬೇಕಿತ್ತು, ಇದ್ದದ್ದು 100. ಬೆಲೆಯ ಅರ್ಧ ಭಾಗ, ಹಕ್ಕು ಕೊಳ್ಳುವವರ ಹೆಸರಿಗೆ ದಾಖಲಾಗುವ ಮೊದಲೇ ಮಾರುವವರ ಕೈಯಲ್ಲಿತ್ತು. ಆ ನಾಲ್ಕು ದಿನಗಳಲ್ಲಿ ಮಾರುವವರ ಬೇರೊಂದು ಸಾಲಕ್ಕೆ ನ್ಯಾಯಾಲಯದ ಜಪ್ತಿ ಆದೇಶ ಆ ಮನೆಯ ಮೇಲೆ ಬಿದ್ದಿದ್ದರೆ, ಇಲ್ಲವೇ ದಾಖಲೆಯಲ್ಲಿ ದೋಷವಿದೆ ಎಂದು ನೋಂದಣಿ ಕಚೇರಿ ಅದನ್ನು ಹಿಂದಿರುಗಿಸಿದ್ದರೆ, ಕೊಳ್ಳುವವರ ಬಳಿ ಹಣವೂ ಇಲ್ಲ, ಮನೆಯೂ ಇಲ್ಲ. ಎಸ್ಕ್ರೋ ಇಟ್ಟದ್ದೇ ಈ ಅಂತರವನ್ನು ಮುಚ್ಚಲು.

ಇದು ಆಗುವುದಕ್ಕೆ ಕಾರಣ ಹೆಚ್ಚಾಗಿ ಪದಗಳಲ್ಲಿರುತ್ತದೆ. ‘ಕ್ರಯ ಪೂರ್ಣಗೊಂಡಾಗ’ ಎಂದು ಕರಾರಿನಲ್ಲಿ ಸಡಿಲವಾಗಿ ಬರೆದಿದ್ದರೆ ಒಬ್ಬರಿಗೆ ಅದು ಸಹಿಯ ದಿನ, ಇನ್ನೊಬ್ಬರಿಗೆ ದಾಖಲೆ ಸಲ್ಲಿಸಿದ ದಿನ, ಮತ್ತೊಬ್ಬರಿಗೆ ನೋಂದಣಿ ಸಂಖ್ಯೆ ಬಿದ್ದ ದಿನ. ಷರತ್ತು ಸ್ಪಷ್ಟವಾಗಿದ್ದೂ ಏಜೆಂಟರ ಕಚೇರಿಯಲ್ಲಿ ‘ಕ್ರಯಪತ್ರ’ ಎಂಬ ಒಂದೇ ಶಬ್ದದಲ್ಲಿ ಅದನ್ನು ಬರೆದುಕೊಂಡಿದ್ದರೆ ಫಲ ಅದೇ. ಸ್ಟೇಟ್‌ಮೆಂಟಿನ ವಿವರ ಕಲಂ ಅಂಥ ಶಬ್ದವನ್ನೇ ತೋರಿಸುತ್ತದೆ, ಆದ್ದರಿಂದ ಆ ಕಲಂ ಯಾವುದಕ್ಕೂ ಪುರಾವೆ ಆಗಲಾರದು. ನೋಂದಣಿ 51ಕ್ಕೆ ಆಗಿಯೇ ಹೋಯಿತಲ್ಲ, ಇನ್ನೇಕೆ ಈ ಮಾತು ಎಂದು ಕೇಳುವವರಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಎತ್ತಲೇಬೇಕು. ತಡೆಹಿಡಿದ ಹಣ ಇನ್ನೂ ಅದೇ ಏಜೆಂಟರ ಕೈಯಲ್ಲಿದೆ. ದಾಖಲೆ ನೋಡದೆ ಒಮ್ಮೆ ಬಿಡುಗಡೆ ಮಾಡಿದವರು ಎಂಜಿನಿಯರ್ ಪ್ರಮಾಣಪತ್ರ ನೋಡದೆಯೂ ಬಿಡುಗಡೆ ಮಾಡಬಹುದು.

55ನೇ ದಿನ ಸ್ವಾಧೀನಕ್ಕೆ 85 ಹೋಗಿದೆ. ಬೀಗದ ಕೈ ಮತ್ತು ಮೀಟರ್ ಅಂಕಿಗಳನ್ನು ಬರೆದು ಇಬ್ಬರೂ ಸಹಿ ಹಾಕಿದ ಪತ್ರ 54ನೇ ದಿನದ್ದು, ಹಾಗಾಗಿ ಹಂತ ಮುಗಿದಿರುವುದು ನಿಜ. ಮೊತ್ತ ಮಾತ್ರ 70 ಇರಬೇಕಿತ್ತು. 15 ಹೆಚ್ಚು ಎಲ್ಲಿಂದ ಬಂತು? ಮೂಲ ಕರಾರಿನಲ್ಲಿ ಸ್ವಾಧೀನಕ್ಕೆ 85, ತಡೆಹಿಡಿಯುವುದಕ್ಕೆ 15 ಎಂದಿತ್ತು. ಚಾವಣಿಯ ಸೋರಿಕೆ ಗೊತ್ತಾದ ಮೇಲೆ ತಿದ್ದುಪಡಿ ಮಾಡಿ 70 ಮತ್ತು 30 ಎಂದು ಬದಲಿಸಿದರು. ಏಜೆಂಟರು ಹಳೆಯ ಪಟ್ಟಿಯನ್ನೇ ಅನುಸರಿಸಿದ್ದಾರೆ. 85 ಮತ್ತು 15 ಕೂಡಿದರೂ 100, 70 ಮತ್ತು 30 ಕೂಡಿದರೂ 100. ಎಲ್ಲ ಮುಗಿದ ಮೇಲೆ ಒಟ್ಟು ಮೊತ್ತ ಹೇಗೂ 1,000ವೇ ಆಗುವುದರಿಂದ ಕೊನೆಯ ಲೆಕ್ಕದಲ್ಲಿ ಈ ತಪ್ಪು ಎಂದೂ ಮೇಲೆ ಬರುವುದಿಲ್ಲ. ಅಷ್ಟರೊಳಗೆ ದುರಸ್ತಿಗೆಂದು ಕೊಳ್ಳುವವರ ಹಿಡಿತದಲ್ಲಿದ್ದ ಹಣ ಅರ್ಧಕ್ಕೆ ಇಳಿದಿರುತ್ತದೆ. ಚಾವಣಿ ಸರಿಪಡಿಸಲು 20 ಬೇಕು ಎಂದಿಟ್ಟುಕೊಳ್ಳಿ; ಮಾರುವವರಿಗೆ 15ನ್ನು ಬಿಟ್ಟುಬಿಡುವುದೇ ಅಗ್ಗ.

ತಿದ್ದುಪಡಿ ಇರುವ ವ್ಯವಹಾರಗಳಲ್ಲೆಲ್ಲ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ತಿದ್ದುಪಡಿಗೆ ಕೊಳ್ಳುವವರು, ಮಾರುವವರು ಸಹಿ ಹಾಕಿರುತ್ತಾರೆ, ಏಜೆಂಟರು ಹಾಕಿರುವುದಿಲ್ಲ. ಅವರಿಗೆ ಅದು ತಲುಪಿತೇ, ತಲುಪಿದೆ ಎಂದು ಅವರು ಬರೆದುಕೊಟ್ಟರೇ ಎಂಬುದಕ್ಕೆ ಕಾಗದ ಇರುವುದಿಲ್ಲ. ಏಜೆಂಟರು ಸಾಮಾನ್ಯವಾಗಿ ತಮ್ಮ ಕೈಯಲ್ಲಿರುವ ಎಸ್ಕ್ರೋ ಸೂಚನೆಗಳಿಗೆ ಮಾತ್ರ ಬದ್ಧರು. ನೀವಿಬ್ಬರೇ ಮಾಡಿಕೊಂಡ ಒಪ್ಪಂದ ಅವರ ಮಟ್ಟಿಗೆ ಇಲ್ಲದಿದ್ದ ಹಾಗೆಯೇ.

ಕೊನೆಯ ಎರಡು ಸಾಲುಗಳು ಸಣ್ಣವು, ಆದರೆ ಒಂದನ್ನೊಂದು ಮರೆಮಾಡುತ್ತವೆ. 58ಕ್ಕೆ ಶುಲ್ಕವೆಂದು 2 ಕಳೆದಿದೆ, ಕರಾರಿನ ಪ್ರಕಾರ ಅದು ಈ ಹಣದಿಂದ ಹೋಗಕೂಡದು. 60ಕ್ಕೆ ಬಡ್ಡಿ 3 ಬಂದು ಶಿಲ್ಕು 16 ಆಗಿದೆ. ಹಳೆಯ ಪಟ್ಟಿ ಹಿಡಿದು ನೋಡುವವರಿಗೆ 15 ಇರಬೇಕಾದಲ್ಲಿ 16 ಕಾಣುತ್ತದೆ, ಒಂದು ಹೆಚ್ಚೇ ಇದೆಯಲ್ಲ ಎಂದು ಸಮಾಧಾನವಾಗುತ್ತದೆ. ಆರನೆಯ ಕಲಂ ಬೇರೆಯದನ್ನೇ ಹೇಳುತ್ತದೆ. ತಡೆಹಿಡಿದ 30, ಕೊಳ್ಳುವವರ ಬಡ್ಡಿ 3, ಒಟ್ಟು 33 ಇರಬೇಕು. ಇರುವುದು 16. ಕೊರತೆ 17: ಸ್ವಾಧೀನದ ಸಾಲಿನಲ್ಲಿ ಹೆಚ್ಚು ಹೋದ 15, ಶುಲ್ಕದ 2. ಕೊರತೆಯ ಪ್ರತಿಯೊಂದು ಅಂಶಕ್ಕೂ ಹೀಗೆ ಒಂದು ಸಾಲನ್ನು ತೋರಿಸುವವರೆಗೆ ಪರಿಶೀಲನೆ ಮುಗಿದಿಲ್ಲ ಎಂದು ತಿಳಿಯಿರಿ. ‘ಸುಮಾರಾಗಿ ಹೊಂದುತ್ತದೆ’ ಎಂಬ ಸ್ಥಿತಿಯಲ್ಲಿ ಎರಡು ತಪ್ಪುಗಳು ಎದುರುಬದುರಾಗಿ ಕೂತಿರುವ ಸಾಧ್ಯತೆ ಯಾವಾಗಲೂ ಇದೆ. ಅದಕ್ಕೇ ಬಡ್ಡಿ ಮತ್ತು ಶುಲ್ಕವನ್ನು ಮೂಲ ಹಣದೊಂದಿಗೆ ಬೆರೆಸದೆ ಬೇರೆ ಬೇರೆ ಕಲಂಗಳಲ್ಲಿ ಬರೆದುಕೊಳ್ಳಬೇಕು.

ಈ ಉದಾಹರಣೆಯಲ್ಲಿ ಇಲ್ಲದ, ಆದರೆ ಕಂಡರೆ ಅಲ್ಲೇ ನಿಲ್ಲಬೇಕಾದ ಒಂದು ಗುರುತಿದೆ. ಒಂದು ಪಾವತಿ ಹೋಗಿ, ಅದೇ ಮೊತ್ತ ಮರುದಿನ ವಾಪಸ್ ಜಮಾ ಆಗಿ, ಮತ್ತೆ ಹೊರಗೆ ಹೋಗಿರುತ್ತದೆ. ಖಾತೆ ಸಂಖ್ಯೆಯ ಒಂದು ಅಂಕಿ ತಪ್ಪಿ ಹಾಗಾಗಿರಬಹುದು. ಆದರೆ ಎರಡನೆಯ ಬಾರಿ ಹಣ ಹೋದ ಖಾತೆ ಯಾವುದು, ಆ ಸಂಖ್ಯೆಯನ್ನು ಯಾರು ಯಾವ ಮಾರ್ಗದಲ್ಲಿ ಕೊಟ್ಟರು ಎಂದು ಕೇಳಲೇಬೇಕು. ಮಾರುವವರ ಇಲ್ಲವೇ ವಕೀಲರ ಹೆಸರಿನಲ್ಲಿ ಇಮೇಲ್ ಕಳುಹಿಸಿ, ‘ಖಾತೆ ಬದಲಾಗಿದೆ, ಇನ್ನು ಮುಂದೆ ಇದಕ್ಕೆ ಕಳುಹಿಸಿ’ ಎಂದು ಹಣ ಲಪಟಾಯಿಸುವ ವಂಚನೆ ಆಸ್ತಿ ವ್ಯವಹಾರಗಳಲ್ಲಿ ಚೆನ್ನಾಗಿ ಗೊತ್ತಿರುವಂಥದ್ದು. ಸ್ಟೇಟ್‌ಮೆಂಟಿನಲ್ಲಿ ಹೆಸರು ಸರಿಯಾಗಿಯೇ ಕಾಣಬಹುದು, ಏಕೆಂದರೆ ಆ ಹೆಸರು ಏಜೆಂಟರು ಟೈಪ್ ಮಾಡಿದ್ದು. ಬ್ಯಾಂಕಿನ ವರ್ಗಾವಣೆ ರಸೀದಿಯಲ್ಲಿರುವ ಖಾತೆಯ ಕೊನೆಯ ಅಂಕಿಗಳನ್ನು ಮೂಲ ಕರಾರಿನಲ್ಲಿರುವ ಖಾತೆಯೊಂದಿಗೆ ಹೋಲಿಸಿ. ಬದಲಾಗಿದ್ದರೆ, ಮೊದಲಿನಿಂದ ನಿಮ್ಮ ಬಳಿ ಇರುವ ಫೋನ್ ಸಂಖ್ಯೆಗೆ ಕರೆ ಮಾಡಿ ಕೇಳಿ, ಆ ಇಮೇಲಿನಲ್ಲಿರುವ ಸಂಖ್ಯೆಗೆ ಬೇಡ. ಹಣ ಬೇರೆ ಖಾತೆಗೆ ಹೋಗಿದೆ ಎಂದು ಖಚಿತವಾದರೆ ಬ್ಯಾಂಕಿಗೆ ಆ ಗಂಟೆಯಲ್ಲೇ ತಿಳಿಸಬೇಕು, ಮರುದಿನದ ಹೊತ್ತಿಗೆ ಅಲ್ಲಿ ಹಣ ಉಳಿದಿರುವುದು ಕಷ್ಟ.

ತಪ್ಪು ಸಿಕ್ಕ ಮೇಲೆ ಏಜೆಂಟರಿಗೆ ಬರೆಯುವ ಪತ್ರದಲ್ಲಿ ದೂರಿಗಿಂತ ಪ್ರಶ್ನೆಗಳಿದ್ದರೆ ಕೆಲಸ ಬೇಗ ಆಗುತ್ತದೆ. 47ನೇ ದಿನದ 500ನ್ನು ಯಾವ ದಾಖಲೆ ನೋಡಿ ಬಿಡುಗಡೆ ಮಾಡಿದಿರಿ, ಅದರ ನಕಲು ಕೊಡಿ. 55ನೇ ದಿನದ ಮೊತ್ತಕ್ಕೆ ಕರಾರಿನ ಯಾವ ಆವೃತ್ತಿಯನ್ನು ಬಳಸಿದಿರಿ, ತಿದ್ದುಪಡಿ ನಿಮ್ಮ ಕಡತದಲ್ಲಿದೆಯೇ. ಶುಲ್ಕವನ್ನು ಯಾವ ಷರತ್ತಿನಡಿ ಕಳೆದಿರಿ. ಇಷ್ಟು ಕೇಳಿ, ತಡೆಹಿಡಿದ ಹಣ 30 ಮತ್ತು ಬಡ್ಡಿ 3 ಎಂಬುದನ್ನು ಅವರಿಂದ ಬರಹದಲ್ಲಿ ಪಡೆಯಿರಿ. ಸ್ಟೇಟ್‌ಮೆಂಟಿನ ಬಗ್ಗೆ ಆಕ್ಷೇಪ ಎತ್ತಲು ಕರಾರಿನಲ್ಲಿ ಗಡುವು ಇದ್ದರೆ ಅದರೊಳಗೇ ಬರೆಯಬೇಕು, ಮೌನವನ್ನು ಒಪ್ಪಿಗೆ ಎಂದು ಎಣಿಸುವ ಷರತ್ತುಗಳೂ ಇರುತ್ತವೆ. ಉತ್ತರ ಬರುವವರೆಗೆ ಮುಂದಿನ ಯಾವ ಜಂಟಿ ಬಿಡುಗಡೆ ಆದೇಶಕ್ಕೂ ಸಹಿ ಹಾಕಬೇಡಿ.

ತಿದ್ದುವ ರೀತಿಯ ಬಗ್ಗೆಯೂ ಪಟ್ಟು ಹಿಡಿಯುವುದು ಮುಖ್ಯ. 15 ಹೆಚ್ಚು ಹೋಗಿರುವುದನ್ನು ‘ಮುಂದಿನ ಕಂತಿನಲ್ಲಿ ಹೊಂದಿಸುತ್ತೇವೆ’ ಎಂದರೆ ಒಪ್ಪಬೇಡಿ. ಮುಂದಿನ ಕಂತೆಂದರೆ ಆ ತಡೆಹಿಡಿದ ಹಣವೇ, ಅದರಲ್ಲಿ ಹೊಂದಿಸಿದರೆ ತಪ್ಪೇ ಕಾಯಂ ಆಗುತ್ತದೆ. ಮಾರುವವರಿಂದ ಇಲ್ಲವೇ ಏಜೆಂಟರ ಸ್ವಂತ ಹಣದಿಂದ 15, ಶುಲ್ಕದ 2 ಖಾತೆಗೆ ಜಮಾ ಆಗಿ, ಶಿಲ್ಕು 33 ಎಂದು ಹೊಸ ಸ್ಟೇಟ್‌ಮೆಂಟಿನಲ್ಲಿ ಕಾಣಬೇಕು. ಹಳೆಯ ಸಾಲುಗಳನ್ನು ಅಳಿಸಿ ಚೊಕ್ಕಟ ಮಾಡಿದ ಸ್ಟೇಟ್‌ಮೆಂಟ್ ಬಂದರೆ ಅದನ್ನು ಸ್ವೀಕರಿಸಬೇಡಿ. ತಪ್ಪೂ ಅದರ ತಿದ್ದುಪಡಿಯೂ ಎರಡು ಬೇರೆ ಸಾಲುಗಳಾಗಿ ಉಳಿಯಬೇಕು.

ಈ ಪರಿಶೀಲನೆಗೆ ಒಂದು ಮಿತಿಯಿದೆ. ಎಂಜಿನಿಯರ್ ಪ್ರಮಾಣಪತ್ರ ಬಂದಿದೆಯೇ, ಸಹಿ ಯಾರದು, ದಿನಾಂಕ ಯಾವುದು ಎಂಬುದರಾಚೆಗೆ ಏಜೆಂಟರು ಹೋಗುವುದಿಲ್ಲ, ಸ್ಟೇಟ್‌ಮೆಂಟ್ ಅಂತೂ ಹೋಗಲಾರದು. ಚಾವಣಿ ನಿಜವಾಗಿ ಸೋರುವುದನ್ನು ನಿಲ್ಲಿಸಿದೆಯೇ ಎಂಬುದನ್ನು ಪ್ರಮಾಣಪತ್ರ ಏಜೆಂಟರ ಮೇಜು ತಲುಪುವ ಮೊದಲೇ ಕೊಳ್ಳುವವರು ನೋಡಿಕೊಳ್ಳಬೇಕು. ಸ್ವಾಧೀನದ 54ನೇ ದಿನಕ್ಕೆ 60 ಸೇರಿಸಿದರೆ 114. ಆ ದಿನ ಕಳೆದ ಕೂಡಲೇ 30 ತಾನಾಗಿ ವಾಪಸ್ ಬರುವುದಿಲ್ಲ. ಒಂದೇ ಕಡೆಯವರ ಬೇಡಿಕೆ ಸಾಕು ಎಂದು ಕರಾರಿನಲ್ಲಿ ಇಲ್ಲದಿದ್ದರೆ, ಇಬ್ಬರ ಸಹಿಯಿಲ್ಲದೆ ಏಜೆಂಟರು ಅದನ್ನು ಯಾರಿಗೂ ಕೊಡದೆ ಹಾಗೇ ಇಟ್ಟುಕೊಂಡಿರುತ್ತಾರೆ, ಜಗಳ ಮುಂದುವರಿದರೆ ನ್ಯಾಯಾಲಯದ ಆದೇಶಕ್ಕೆ ಕಾಯುತ್ತಾರೆ. ಹಾಗಾಗಿ 115ನೇ ದಿನ ಬೆಳಗ್ಗೆ ಬೇಡಿಕೆ ಪತ್ರ ಹೋಗಬೇಕು, ಅದರ ಜೊತೆಗೇ ಅಂದಿನ ದಿನಾಂಕದ ಹೊಸ ಸ್ಟೇಟ್‌ಮೆಂಟನ್ನೂ ಕೇಳಬೇಕು.